ಲ್ಯಾಮಿನೇಟ್ ಆದ ಅಂಕಪಟ್ಟಿ, 500 ಕೆಬಿ ಮಿತಿ: ಫೋನಲ್ಲಿ ಮಾಡಿದ ಪಿಡಿಎಫ್ ಎರಡು ಸಲ ವಾಪಸ್ ಬಂತು

ಕೋಣಂದೂರು_ಅಕ್ಕ
ನಮಸ್ಕಾರ. ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಈ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಹಾಕಬೇಕಂತೆ. 500 ಕೆಬಿ ದಾಟಬಾರದು. ಫೋನಲ್ಲಿ ಫೋಟೋ ತೆಗೆದು ಗ್ಯಾಲರಿಯಿಂದಲೇ ಪಿಡಿಎಫ್ ಮಾಡಿದೆ, 7.8 ಎಂಬಿ ಬಂತು. ಪೋರ್ಟಲ್ ತೆಗೆದುಕೊಳ್ಳಲೇ ಇಲ್ಲ. ಆಮೇಲೆ ಗೂಗಲಲ್ಲಿ ಹುಡುಕಿ ಯಾವುದೋ ವೆಬ್‌ಸೈಟಲ್ಲಿ ಹಾಕಿ 280 ಕೆಬಿಗೆ ಇಳಿಸಿದೆ. ಅಪ್‌ಲೋಡ್ ಆಯಿತು. ನಾಲ್ಕು ದಿನ ಬಿಟ್ಟು "ದಾಖಲೆ ಓದಲು ಬರುತ್ತಿಲ್ಲ" ಅಂತ ವಾಪಸ್ ಬಂತು. ಇನ್ನೊಂದು ಸಲ ಮಾಡಿದೆ, ಮತ್ತೆ ಅದೇ.

ಎಸ್ಸೆಸ್ಸೆಲ್ಸಿದು ಲ್ಯಾಮಿನೇಟ್ ಆಗಿದೆ. ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ ಅಂತ ಅವಳಪ್ಪ ಅವತ್ತೇ ಮಾಡಿಸಿಬಿಟ್ಟಿದ್ದರು. ಅದರ ಮೇಲೆ ಬೆಳಕು ಬಿದ್ದು ಬೆಳ್ಳಗೆ ಕಾಣುತ್ತದೆ. ವ್ಯಾಸಂಗ ಪ್ರಮಾಣಪತ್ರ ಥಂಡಿಗೆ ಅಲೆ ಅಲೆಯಾಗಿ ಏರಿದೆ. ತೀರ್ಥಹಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸೋಣ ಅಂದರೆ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಬಸ್ಸೂ ಸರಿಯಾಗಿಲ್ಲ. ಕೊನೇ ದಿನಕ್ಕೆ ಇನ್ನು ಆರು ದಿನ ಇದೆ. ಮನೆಯಲ್ಲೇ ಆಗುವ ದಾರಿ ಇದ್ದರೆ ಹೇಳಿ.

ಹೊಸನಗರದ_ಹೈದ
ಅಕ್ಕ, ಬಹಳ ಸುಲಭ. ಸ್ಕ್ಯಾನ್ ಆ್ಯಪಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿ. ಬಣ್ಣ ಹೋದರೆ ಸೈಜೂ ಹೋಗುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು. ಆಮೇಲೂ ಜಾಸ್ತಿ ಇದ್ದರೆ ಮತ್ತೆ ಕಂಪ್ರೆಸ್ ಮಾಡಿ, ಮತ್ತೆ ಮತ್ತೆ ಮಾಡಿದರೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಯುತ್ತದೆ.

ಗಾಂಧಿಬಜಾರ್_ಡಿಟಿಪಿ
ಹೈದ, ಅರ್ಧ ಸರಿ ಹೇಳಿದೆ, ಇನ್ನರ್ಧಕ್ಕೆ ಅಕ್ಕನ ಅರ್ಜಿ ಮೂರನೇ ಸಲ ವಾಪಸ್ ಬರುತ್ತದೆ ಮಾರಾಯ. 

ನಾನು ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ, ದಿನಾ ಬೆಳಗಾದರೆ ಇದೇ ಕೆಲಸ. ಅಕ್ಕ, ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ಪಿಡಿಎಫ್ ಅಂದರೆ ಬರೀ ಲಕೋಟೆ. ಒಳಗಿರುವುದು ಅದೇ ಫೋಟೋ. ಫೋಟೋ 2.6 ಎಂಬಿ ಇದ್ದರೆ ಮೂರು ಹಾಳೆಗೆ 7.8 ಎಂಬಿ, ಲೆಕ್ಕ ಸರಿಯಾಗೇ ಇದೆ. ಆದ್ದರಿಂದ ಪಿಡಿಎಫ್ ಇಳಿಸುವುದು ಅನ್ನುವ ಮಾತೇ ಬೇಡ, ಫೋಟೋ ಸರಿಮಾಡುವುದು ಅನ್ನಿ.

ಇನ್ನು ಆ ಫೋಟೋದಲ್ಲಿ ಜಾಗ ತಿನ್ನುವುದು ಅಕ್ಷರ ಅಂದುಕೊಂಡಿದ್ದೀರಿ ಅಲ್ವಾ? ಅಕ್ಷರ ಅಲ್ಲ. ಹಾಳೆಯ ಮೇಲಿನ ನೆರಳು, ಕಾಗದದ ತರಿ, ಮಬ್ಬು ಬೆಳಕಲ್ಲಿ ತೆಗೆದಾಗ ಬರುವ ಸಣ್ಣ ಸಣ್ಣ ಚುಕ್ಕಿ, ಹಾಳೆ ಪಕ್ಕದ ಮೇಜಿನ ಗೆರೆ. ಜೆಪೆಗ್ ಫೈಲು ಶುದ್ಧ ಬಿಳಿ ಜಾಗವನ್ನು ಹೆಚ್ಚುಕಡಿಮೆ ಪುಕ್ಕಟೆ ಇಟ್ಟುಕೊಳ್ಳುತ್ತದೆ. ಕೊಳೆ ಬಿಳಿಗೆ ಮಾತ್ರ ಕೆಬಿ ಸುರಿಯುತ್ತದೆ. ನೀವು ಕೊಳೆ ಸಮೇತ 280 ಕೆಬಿಗೆ ಹಿಂಡಿದಿರಿ, ಆ 280ರಲ್ಲಿ ಮುಕ್ಕಾಲು ಪಾಲು ನೆರಳಿಗೇ ಹೋಯಿತು, ಅಕ್ಷರಕ್ಕೆ ಉಳಿದದ್ದು ಚೂರುಪಾರು. ಹಾಳೆ ಬೆಳ್ಳಗೆ ಬಂದರೆ ಅದೇ 280 ಕೆಬಿಯಲ್ಲಿ ಎರಡು ಹಾಳೆ ಚೆನ್ನಾಗಿ ಕೂರುತ್ತವೆ.

ವಾಪಸ್ ಬಂದ ಪಿಡಿಎಫ್ ಇದ್ದರೆ ಅದನ್ನು ತೆರೆದು, ಹಿಗ್ಗಿಸಿ, ಒತ್ತಕ್ಷರ ನೋಡಿ. ಏನು ಕಾಣುತ್ತದೆ ಹೇಳಿ.

ಕೋಣಂದೂರು_ಅಕ್ಕ
ನೋಡಿದೆ ಅಣ್ಣ. "ಶಿವಮೊಗ್ಗ" ಅನ್ನುವಲ್ಲಿ ಗಕಾರದ ಕೆಳಗೆ ಒಂದು ಬೂದು ಮಚ್ಚೆ ಇದೆ, ಒತ್ತು ಅಂತ ಗೊತ್ತಾಗುವುದಿಲ್ಲ. "ಪ್ರಥಮ" ಅನ್ನುವುದು "ಪಥಮ" ಥರ ಕಾಣುತ್ತದೆ. ನೋಂದಣಿ ಸಂಖ್ಯೆಯಲ್ಲಿ 3 ಇದೆಯೋ 8 ಇದೆಯೋ ನನಗೇ ಅನುಮಾನ. ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿ. ನಾನು ಹಾಕುವ ಮೊದಲು ಫೋನಲ್ಲಿ ಪೂರ್ತಿ ಹಾಳೆ ನೋಡಿದ್ದೆ, ಚೆನ್ನಾಗೇ ಕಂಡಿತ್ತು.

ಸಾಗರ_ಲಿನಕ್ಸ್
ಆ "ಸೊಳ್ಳೆ" ಬಂದಿದೆ ಅಂದರೆ ಜೆಪೆಗ್ ಗುಣಮಟ್ಟ ಬಹಳ ಕೆಳಗೆ ಇಳಿಸಿದ್ದಾರೆ. ಒತ್ತು ಮಚ್ಚೆಯಾಗಿದೆ ಅಂದರೆ ಪಿಕ್ಸೆಲ್ಲನ್ನೂ ಕಡಿಮೆ ಮಾಡಿದ್ದಾರೆ. ಇಂಥ ಸೈಟುಗಳಲ್ಲಿ "ಅತಿ ಹೆಚ್ಚು ಕಂಪ್ರೆಷನ್" ಆರಿಸಿದರೆ ಕೆಲವು 72 ಡಿಪಿಐಗೆ, ಅಂದರೆ ಇಂಚಿಗೆ 72 ಪಿಕ್ಸೆಲ್ಲಿಗೆ, ಇಳಿಸಿಬಿಡುತ್ತವೆ. 10 ಪಾಯಿಂಟ್ ಅಕ್ಷರಕ್ಕೆ ಆಗ ಮೇಲಿಂದ ಕೆಳಗೆ ಸಿಗುವುದೇ 10 ಪಿಕ್ಸೆಲ್. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಹೇಗೋ ಬದುಕುತ್ತದೆ. ಕನ್ನಡಕ್ಕೆ ಅಷ್ಟರಲ್ಲೇ ತಲಕಟ್ಟು, ಗುಣಿತ, ಒತ್ತು ಎಲ್ಲ ಆಗಬೇಕು, ಒತ್ತಿಗೆ ಮೂರು ಪಿಕ್ಸೆಲ್ ಸಿಕ್ಕರೆ ಅದೇ ಪುಣ್ಯ. 150 ಡಿಪಿಐ ಇಟ್ಟರೆ ಅದೇ ಅಕ್ಷರಕ್ಕೆ 21 ಪಿಕ್ಸೆಲ್ ಸಿಗುತ್ತದೆ, ಆರಾಮಾಗಿ ಓದಬಹುದು. ಎ4 ಹಾಳೆಗೆ ಅದು 1240 × 1754 ಪಿಕ್ಸೆಲ್.

ನಿಮ್ಮ ಫೋನ್ ಫೋಟೋ 4000 × 3000 ಇರಬೇಕು. ಅಂದರೆ ಬೇಕಾದ್ದಕ್ಕಿಂತ ಐದು ಪಟ್ಟು ಜಾಸ್ತಿ ಪಿಕ್ಸೆಲ್. ಮೊದಲು ಇಳಿಸಬೇಕಾದ್ದು ಇದನ್ನು, ಗುಣಮಟ್ಟವನ್ನಲ್ಲ.

ನಿವೃತ್ತ_ಮೇಷ್ಟ್ರು
ಒಳ್ಳೆಯ ಚರ್ಚೆ. ನನ್ನ ಹತ್ತಿರ ನಮ್ಮ ತಂದೆಯವರ ಕಾಲದ ಜಮೀನಿನ ಕಾಗದಗಳಿವೆ, ಕೈಬರಹ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಂಚು ಗೆದ್ದಲು ತಿಂದಿದೆ. ಇದನ್ನೂ 500 ಕೆಬಿಗೆ ಇಳಿಸಿಡಬೇಕೇ? ಮೊಮ್ಮಗ ಫೋನಲ್ಲಿ ತೆಗೆದುಕೊಡುತ್ತೇನೆ ಅನ್ನುತ್ತಿದ್ದಾನೆ.

ಗಾಂಧಿಬಜಾರ್_ಡಿಟಿಪಿ
ಮೇಷ್ಟ್ರೇ, ಬೇಡ ಬೇಡ! ಅದು ಬೇರೆ ಕೆಲಸ. ನಿಮ್ಮದು ಕಾದಿಡುವುದಕ್ಕೆ, ಅಕ್ಕನದು ಅರ್ಜಿಗೆ ಹಾಕುವುದಕ್ಕೆ. ನೀವು ಬಣ್ಣದಲ್ಲೇ, ಫಿಲ್ಟರ್ ಹಾಕದೆ, ದೊಡ್ಡ ಸೈಜಲ್ಲೇ ಇಟ್ಟುಕೊಳ್ಳಿ. ಕಂದು ಶಾಯಿಗೂ ಕಂದು ಕಾಗದಕ್ಕೂ ಇರುವ ವ್ಯತ್ಯಾಸವೇ ಚೂರು, ಬಣ್ಣ ತೆಗೆದರೆ ಅದೂ ಹೋಗುತ್ತದೆ. ಯಾವತ್ತಾದರೂ ಅರ್ಜಿಗೆ ಬೇಕಾದರೆ ಆ ದೊಡ್ಡದರಿಂದ ಒಂದು ಚಿಕ್ಕ ಪ್ರತಿ ಮಾಡಿಕೊಂಡರಾಯಿತು. ಚಿಕ್ಕದರಿಂದ ದೊಡ್ಡದು ಮಾಡಲು ಆಗುವುದಿಲ್ಲ.

ಹೊಸನಗರದ_ಹೈದ
ಅಣ್ಣ, ನಂದು ಏನು ತಪ್ಪು ಅಂತ ಹೇಳಲೇ ಇಲ್ಲ. ಕಪ್ಪು ಬಿಳುಪು ಮಾಡಿದರೆ ನೆರಳೂ ಹೋಗುತ್ತದೆ, ಹಾಳೆ ಬೆಳ್ಳಗೂ ಆಗುತ್ತದೆ. ನೀವು ಹೇಳಿದ್ದೂ ಅದೇ ತಾನೆ?

ಗಾಂಧಿಬಜಾರ್_ಡಿಟಿಪಿ
ಹಾಳೆ ಬೆಳ್ಳಗಾಗುವುದು ನಿಜ, ಅದಕ್ಕೇ ಅರ್ಧ ಸರಿ ಅಂದಿದ್ದು. ಬರೀ ಟೈಪ್ ಮಾಡಿದ ಪತ್ರ ಆದರೆ ಕಣ್ಣು ಮುಚ್ಚಿ ಹಾಕು. ಆದರೆ ಪ್ರಮಾಣಪತ್ರದಲ್ಲಿ ಮೊಹರು ಇರುತ್ತದೆ, ನೇರಳೆ ಬಣ್ಣದ್ದು, ಅರ್ಧ ಒತ್ತಿ ಅರ್ಧ ಬಿಟ್ಟದ್ದು. ಪ್ರಿನ್ಸಿಪಾಲರ ಸಹಿ ತೆಳು ನೀಲಿ. ಆ ಫಿಲ್ಟರ್ ಪ್ರತಿ ಪಿಕ್ಸೆಲ್ಲಿಗೂ "ನೀನು ಕಪ್ಪೋ ಬಿಳಿಯೋ" ಅಂತ ಕೇಳುತ್ತದೆ, ನಡುವಿನದಕ್ಕೆ ಜಾಗ ಇಲ್ಲ. ತೆಳು ಮೊಹರು "ಬಿಳಿ" ಅಂದುಬಿಡುತ್ತದೆ. ಮೊಹರಿಲ್ಲದ ಪ್ರಮಾಣಪತ್ರ ಯಾರಿಗೆ ಬೇಕು? ಲ್ಯಾಮಿನೇಷನ್ ಮೇಲೆ ಹೊಳಪಿದ್ದ ಕಡೆ ಅಂಕವೂ ಹಾಗೇ ಮಾಯ.

ಇನ್ನೊಂದು ತಮಾಷೆ ಇದೆ. ಕಪ್ಪು ಬಿಳುಪು ಮಾಡಿದರೂ ಎಷ್ಟೋ ಆ್ಯಪುಗಳು ಅದನ್ನು ಜೆಪೆಗ್ ಆಗಿಯೇ ಪಿಡಿಎಫ್‌ಗೆ ಹಾಕುತ್ತವೆ. ಕತ್ತಿಯಲ್ಲಿ ಕೊಯ್ದಂಥ ಅಂಚು ಜೆಪೆಗ್‌ಗೆ ಆಗಿಬರುವುದಿಲ್ಲ. ಹಾಗಾಗಿ ಕೆಲವು ಸಲ ಬೂದು ಬಣ್ಣದ್ದಕ್ಕಿಂತ ಕಪ್ಪು ಬಿಳುಪಿನದೇ ದೊಡ್ಡ ಫೈಲ್ ಆಗುತ್ತದೆ. ನಿನ್ನ ಫೋನಲ್ಲೇ ಒಂದೇ ಹಾಳೆಯನ್ನು ಮೂರು ಫಿಲ್ಟರಲ್ಲಿ ಉಳಿಸಿ ಸೈಜ್ ನೋಡು.

ಮತ್ತೆ ಮತ್ತೆ ಕಂಪ್ರೆಸ್ ಮಾಡುವುದಂತೂ ಬೇಡವೇ ಬೇಡ. ಪ್ರತಿ ಸಲವೂ ಹಿಂದಿನ ಸಲದ ಸೊಳ್ಳೆಯನ್ನೂ ಅಕ್ಷರ ಅಂದುಕೊಂಡು ಉಳಿಸಲು ನೋಡುತ್ತದೆ. ಏನೇ ಮಾಡಿದರೂ ಮೂಲ ಫೋಟೋದಿಂದ ಒಂದೇ ಸಲ.

ಹೊಸನಗರದ_ಹೈದ
ಈಗಷ್ಟೇ ಮಾಡಿ ನೋಡಿದೆ. ಆಧಾರ್ ಜೆರಾಕ್ಸ್ ಹಾಳೆ. ಬಣ್ಣ 412 ಕೆಬಿ, ಗ್ರೇಸ್ಕೇಲ್ 371, ಕಪ್ಪು ಬಿಳುಪು 395. ಛೇ.

ಸಾಗರ_ಲಿನಕ್ಸ್
😄 ಬಣ್ಣಕ್ಕೂ ಗ್ರೇಸ್ಕೇಲಿಗೂ ಅಷ್ಟೇ ವ್ಯತ್ಯಾಸ ಬರುವುದು. ಜೆಪೆಗ್ ಬಣ್ಣದ ವಿವರವನ್ನು ಮೊದಲೇ ಜಿಪುಣತನದಿಂದ ಇಟ್ಟಿರುತ್ತದೆ. ಆದ್ದರಿಂದ ಮೊಹರು ಬಣ್ಣದಲ್ಲಿ ಕಾಣಬೇಕು ಅಂತಿದ್ದರೆ ಬಣ್ಣವನ್ನೇ ಇಟ್ಟುಕೊಳ್ಳಿ, ದೊಡ್ಡ ನಷ್ಟ ಇಲ್ಲ.

ಭದ್ರಾವತಿ_ಬೇಬಿ
ಐಫೋನ್ ಇದ್ದವರಿಗೆ ಈ ತಾಪತ್ರಯ ಇಲ್ಲಪ್ಪ, `Notes` ಒಳಗೇ `Scan Documents` ಇದೆ, ಒತ್ತಿದರೆ ಆಯಿತು. ನನಗೆ ಬೇರೆ ತಲೆನೋವು. ಬ್ಯಾಂಕ್ ಪರೀಕ್ಷೆಗೆ ಸಹಿ 10ರಿಂದ 20 ಕೆಬಿ ಒಳಗೆ ಕೇಳುತ್ತಿದ್ದಾರೆ. ನಂದು 6 ಕೆಬಿ ಬರುತ್ತಿದೆ, ಕಡಿಮೆ ಆಯಿತು ಅಂತ ತಗೊಳ್ಳುತ್ತಿಲ್ಲ!! ಜಾಸ್ತಿ ಮಾಡುವುದು ಹೇಗೆ?

ಗಾಂಧಿಬಜಾರ್_ಡಿಟಿಪಿ
ಐಬಿಪಿಎಸ್ ಥರದ್ದಾ? ಅದರಲ್ಲಿ ಸಹಿಗೆ 140 × 60 ಪಿಕ್ಸೆಲ್ ಅಂತ ಹೇಳಿರುತ್ತಾರೆ, ಫೋಟೋಗೆ 200 × 230, 20ರಿಂದ 50 ಕೆಬಿ. ನೀವು ಗುಣಮಟ್ಟ ಬಹಳ ಇಳಿಸಿದ್ದೀರಿ. ಮೂಲ ಫೋಟೋದಿಂದ ಮತ್ತೆ ಕತ್ತರಿಸಿ, ಗುಣಮಟ್ಟ 95-100 ಇಟ್ಟು ಉಳಿಸಿ, ಏರುತ್ತದೆ. ಸಹಿ ಕಪ್ಪು ಶಾಯಿಯಲ್ಲಿ, ಬಿಳಿ ಹಾಳೆ ಮೇಲೆ. ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದರೆ ಒಪ್ಪುವುದಿಲ್ಲ. ಇದಕ್ಕೆ ಬೇರೆಯೇ ಒಂದು ಚರ್ಚೆ ತೆಗೆಯಿರಿ ಬೇಬಿ, ಇಲ್ಲಿ ಅಕ್ಕನ ಅಂಕಪಟ್ಟಿ ಮುಗಿಯಲಿ.

ಅಕ್ಕ, ಈಗ ನಿಮ್ಮ ಕೆಲಸಕ್ಕೆ ಬರೋಣ. ಮನೆಯಲ್ಲಿ ಕರಿ ಕಂಬಳಿ ಇದೆಯಾ? ಕಪ್ಪು ಕೊಡೆ?

ಕೋಣಂದೂರು_ಅಕ್ಕ
ಮಲೆನಾಡಲ್ಲಿ ಕಂಬಳಿ, ಕೊಡೆ ಇಲ್ಲದ ಮನೆ ಯಾವುದು ಅಣ್ಣ. ಎಂತಕ್ಕೆ?

ಗಾಂಧಿಬಜಾರ್_ಡಿಟಿಪಿ
ಕಂಬಳಿ ಕೆಳಗೆ ಹಾಸುವುದಕ್ಕೆ. ಆ್ಯಪ್ ಹಾಳೆಯ ನಾಲ್ಕು ಅಂಚು ತಾನೇ ಹುಡುಕುತ್ತದೆ. ಬಿಳಿ ಟೈಲ್ಸ್ ಮೇಲೋ ಸ್ಟೀಲ್ ಟೇಬಲ್ ಮೇಲೋ ಇಟ್ಟರೆ ಹಾಳೆ ಎಲ್ಲಿ ಮುಗಿಯಿತು ಅಂತ ಅದಕ್ಕೆ ಗೊತ್ತಾಗದೆ ಅರ್ಧ ಹಾಳೆ ಕತ್ತರಿಸುತ್ತದೆ. ಕಂಬಳಿ ಕಪ್ಪು, ಹೊಳಪೂ ಇಲ್ಲ.

ಕೊಡೆ ಲ್ಯಾಮಿನೇಷನ್ ಹೊಳಪಿಗೆ. ಲ್ಯಾಮಿನೇಟ್ ಆದ ಹಾಳೆ ಅಂದರೆ ಕನ್ನಡಿ ಅಂತಲೇ ತಿಳಿಯಿರಿ. ನೀವು ಮೇಲಿಂದ ನೋಡುವಾಗ ಅದರಲ್ಲಿ ಕಾಣುವುದು ನಿಮ್ಮ ತಲೆ ಮೇಲೆ ಏನಿದೆಯೋ ಅದು. ಮೇಲೆ ಟ್ಯೂಬ್‌ಲೈಟ್ ಇದ್ದರೆ ಬಿಳಿ ಪಟ್ಟೆ. ಬೆಳ್ಳನೆ ಮೋಡ ಇದ್ದರೆ ಹಾಳೆಯೆಲ್ಲ ಮಬ್ಬು. ಮೇಲೆ ಕಪ್ಪು ಇದ್ದರೆ ಕಪ್ಪೇ ಕಾಣುತ್ತದೆ, ಅಂದರೆ ಹೊಳಪೇ ಇಲ್ಲ. ಬೆಳಕು ಮಾತ್ರ ಪಕ್ಕದಿಂದ ಬರಬೇಕು.

ಹಗಲು ಹನ್ನೊಂದು ಗಂಟೆಯ ಮೇಲೆ ಜಗಲಿಯಲ್ಲಿ ಕೂತುಕೊಳ್ಳಿ, ಅಂಗಳದ ಬೆಳಕು ಒಂದು ಪಕ್ಕದಿಂದ ಬೀಳುವ ಹಾಗೆ. ಲೈಟ್ ಆರಿಸಿ. ಫೋನಿನ ಫ್ಲಾಶ್ ಆಫ್. ಮಗಳು ನಿಮ್ಮ ತಲೆ ಮೇಲೆ ಕೊಡೆ ಹಿಡಿಯಲಿ. ಫೋನಿನ ಪರದೆಯಲ್ಲಿ ನೋಡುತ್ತಾ ಕೊಡೆಯನ್ನು ಆಚೆ ಈಚೆ ಸರಿಸಲು ಹೇಳಿ, ಒಂದು ಜಾಗದಲ್ಲಿ ಹೊಳಪು ಪಕ್ಕನೆ ಹೋಗುತ್ತದೆ. ಆಗ ಹಾಳೆ ಸ್ವಲ್ಪ ಮಂಕಾಗಿ ಕಾಣಬಹುದು, ಪರವಾಗಿಲ್ಲ, ಫಿಲ್ಟರ್ ಅದನ್ನು ಬೆಳ್ಳಗೆ ಮಾಡುತ್ತದೆ. ಹೊಳಪಲ್ಲಿ ಹೋದ ಅಂಕವನ್ನು ಮಾತ್ರ ಯಾವ ಫಿಲ್ಟರೂ ವಾಪಸ್ ತರುವುದಿಲ್ಲ.

ಫೋನನ್ನು ಹಾಳೆಗೆ ಬಹಳ ಹತ್ತಿರ ತರಬೇಡಿ. ಎದೆಮಟ್ಟಕ್ಕೆ ಎತ್ತಿ, 2x ಒತ್ತಿ. ಹತ್ತಿರ ತಂದರೆ ನಿಮ್ಮ ಕೈ ನೆರಳು ಬೀಳುತ್ತದೆ, ಹಾಳೆಯ ಮೂಲೆಗಳು ಮಸುಕಾಗುತ್ತವೆ.

ನಿವೃತ್ತ_ಮೇಷ್ಟ್ರು
ಏರಿದ ಹಾಳೆಗೆ ಏನು ಮಾಡುವುದು? ನಮ್ಮಲ್ಲೂ ಎಲ್ಲ ಕಾಗದ ಹಪ್ಪಳದ ಹಾಗಾಗಿದೆ. ಮೇಲೆ ಗಾಜು ಇಡಬಹುದೇ?

ಕಡತ_ನೋಡಿದವಳು
ಗಾಜು ಇಟ್ಟರೆ ಅದೂ ಕನ್ನಡಿಯೇ ಅಲ್ವಾ ಸರ್. ಹಿಂದಿನ ರಾತ್ರಿ ಎರಡು ಒಣ ಪೇಪರ್ ನಡುವೆ ಇಟ್ಟು ಮೇಲೆ ಒಂದು ಮಣೆ, ಅದರ ಮೇಲೆ ಒಂದು ಕಲ್ಲು. ಬೆಳಿಗ್ಗೆ ನೇರ ಆಗಿರುತ್ತದೆ. ಅನ್ನ ಮಾಡುವ ಒಲೆ ಹತ್ತಿರ ಇಡಲು ಹೋಗಿ ಸುಟ್ಟುಕೊಂಡವರನ್ನು ನೋಡಿದ್ದೇನೆ. ಇಸ್ತ್ರಿ ಪೆಟ್ಟಿಗೆಯೂ ಬೇಡ, ಜೆರಾಕ್ಸ್ ಶಾಯಿ ಬಿಸಿಗೆ ಕರಗುತ್ತದೆ.

ನಾನು ಎರಡು ವರ್ಷ ಒಂದು ಕಾಲೇಜಲ್ಲಿ ಇಂಥ ಅರ್ಜಿ ಪರಿಶೀಲನೆ ಮಾಡಿದವಳು. ಆ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳಿಬಿಡುತ್ತೇನೆ. ನಮಗೆ ಹಾಳೆ ಅಂದವಾಗಿದೆಯೋ ಇಲ್ಲವೋ ಬೇಕಾಗಿಲ್ಲ. ಹೆಸರು, ನೋಂದಣಿ ಸಂಖ್ಯೆ, ಒಟ್ಟು ಅಂಕ, ಮೊಹರು, ಸಹಿ, ಇಷ್ಟನ್ನು ನೋಡುತ್ತೇವೆ. ಒಂದು ಅಂಕೆ ಅನುಮಾನ ಬಂದರೂ ವಾಪಸ್, ಊಹೆ ಮಾಡುವ ಹಾಗಿಲ್ಲ. ಹಾಳೆ ಅಡ್ಡ ತಿರುಗಿದ್ದರೆ ಕುತ್ತಿಗೆ ತಿರುಗಿಸಿ ಓದುವಷ್ಟು ತಾಳ್ಮೆ ಸಂಜೆ ನಾಲ್ಕರ ಮೇಲೆ ಯಾರಿಗೂ ಇರುವುದಿಲ್ಲ, ಸುಮ್ನೆ ಹೇಳಿದೆ. ಫೋನನ್ನು ನೆಲಕ್ಕೆ ಮುಖ ಮಾಡಿ ಹಿಡಿದಾಗ ಯಾವುದು ಮೇಲು ಯಾವುದು ಕೆಳಗು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅದಕ್ಕೇ ಎಷ್ಟೋ ಹಾಳೆ ಮಲಗಿ ಬರುತ್ತವೆ. ಉಳಿಸುವ ಮೊದಲು ಆ್ಯಪಲ್ಲೇ ತಿರುಗಿಸಿ.

ಇನ್ನೊಂದು. ಮೂರು ಹಾಳೆಯಲ್ಲಿ ಒಂದು ಹಾಳೆಯ ಹಿಂದೆಯೂ ಏನಾದರೂ ಬರೆದಿದ್ದರೆ ಅದನ್ನೂ ಹಾಕಿ. ಹಿಂಬದಿ ಇಲ್ಲ ಅಂತಲೂ ವಾಪಸ್ ಕಳಿಸಿದ್ದೇವೆ.

ಹೊಸನಗರದ_ಹೈದ
ಇಷ್ಟೆಲ್ಲ ಯಾಕೆ, ಡಿಜಿಲಾಕರಲ್ಲಿ ಅಂಕಪಟ್ಟಿ ಸಿಗುತ್ತದಲ್ಲ?

ಕಡತ_ನೋಡಿದವಳು
ಸಿಕ್ಕರೆ ಅದೇ ಒಳ್ಳೆಯದು, ಮೊದಲು ಅಲ್ಲಿ ನೋಡಿ ಅಕ್ಕ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರವೂ ಹಾಗೇ. ಆನ್‌ಲೈನಲ್ಲಿ ಡೌನ್‌ಲೋಡ್ ಮಾಡಿದ ಫೈಲನ್ನು ಹಾಗೇ ಹಾಕಿದರೆ ಆಯಿತು. ಜನ ಅದನ್ನು ಪ್ರಿಂಟ್ ತೆಗೆಸಿ, ಆ ಪ್ರಿಂಟ್‌ನ ಫೋಟೋ ತೆಗೆದು, ಆ ಫೋಟೋನ ಪಿಡಿಎಫ್ ಮಾಡಿ ಹಾಕುತ್ತಾರೆ ಮಾರಾಯ್ರೇ! ಡಿಜಿಟಲ್ ಸಹಿ ಇರುವ ಪಿಡಿಎಫ್ ಆದರೆ ಅದನ್ನು ಕಂಪ್ರೆಸ್ ಮಾಡಿದರೂ, ಬೇರೆಯದರ ಜೊತೆ ಸೇರಿಸಿದರೂ ಆ ಸಹಿ ಕೆಟ್ಟುಹೋಗುತ್ತದೆ. ಕಣ್ಣಿಗೆ ಕಾಣುತ್ತದೆ, ಆದರೆ ಕಂಪ್ಯೂಟರಲ್ಲಿ ಪರೀಕ್ಷಿಸಿದರೆ ನಿಲ್ಲುವುದಿಲ್ಲ.

ಕೋಣಂದೂರು_ಅಕ್ಕ
ಡಿಜಿಲಾಕರ್ ನೋಡಿದೆ, ಅಂಕಪಟ್ಟಿಯಲ್ಲಿ ಅವಳ ಹೆಸರಿನ ಇನಿಶಿಯಲ್‌ಗೂ ಆಧಾರಿಗೂ ಹೊಂದುತ್ತಿಲ್ಲ, ಅದಕ್ಕೋ ಏನೋ ಬರಲಿಲ್ಲ. ಅದು ಇನ್ನೊಂದು ಕಥೆ. ಹೇಗೂ ಇವರು ಮೂರನ್ನೂ ಸೇರಿಸಿಯೇ ಕೇಳುತ್ತಿದ್ದಾರೆ. ನಾಳೆ ಕೊಡೆ ಹಿಡಿಸುತ್ತೇನೆ. ಆದರೆ ಫೋಟೋ ಸರಿ ಬಂದ ಮೇಲೆ ಪಿಕ್ಸೆಲ್ ಇಳಿಸುವುದು ಫೋನಲ್ಲೇ ಹೇಗೆ? ಕಂಪ್ಯೂಟರ್ ಇಲ್ಲ.

ಹೊಸನಗರದ_ಹೈದ
ಅಕ್ಕ ಇದು ನನಗೆ ಪಕ್ಕಾ ಗೊತ್ತು, ಈ ಸಲ ಬೈಯಬೇಡಿ. ಫೋಟೋವನ್ನು ವಾಟ್ಸಾಪಲ್ಲಿ ನಿಮ್ಮ ನಂಬರಿಗೇ ನೀವು ಕಳಿಸಿ, ಅಲ್ಲಿಂದ ಉಳಿಸಿಕೊಳ್ಳಿ. 3 ಎಂಬಿ ಇದ್ದದ್ದು 200 ಕೆಬಿ ಆಗಿರುತ್ತದೆ, ಓದಲೂ ಬರುತ್ತದೆ.

ಸಾಗರ_ಲಿನಕ್ಸ್
ಬೈಯುವುದಿಲ್ಲ, ಇದು ಕೆಲಸ ಮಾಡುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ವಾಟ್ಸಾಪ್ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸುತ್ತದೆ. ಎ4ಗೆ ಅದು 137 ಡಿಪಿಐ ಆಯಿತು, 150ಕ್ಕೆ ಹತ್ತಿರ. ಎಚ್‌ಡಿ ಒತ್ತಬಾರದು, ಡಾಕ್ಯುಮೆಂಟ್ ಅಂತ ಕಳಿಸಬಾರದು, ಒಂದೇ ಸಲ ಕಳಿಸಬೇಕು. ಆದರೆ ಸ್ಕ್ಯಾನ್ ಆ್ಯಪಲ್ಲಿ ಹಾಳೆ ಕತ್ತರಿಸಿ ಬೆಳ್ಳಗೆ ಮಾಡಿದ *ನಂತರ* ಕಳಿಸಬೇಕು. ಮೊದಲೇ ಕಳಿಸಿದರೆ 1600 ಪಿಕ್ಸೆಲಲ್ಲಿ ಅರ್ಧ ಕಂಬಳಿಗೆ ಹೋಗುತ್ತದೆ.

ಕಂಪ್ಯೂಟರ್ ಇರುವವರಿಗೆ, ನಾನು ಮಾಡುವುದು ಇದು. ಮೊದಲ ಸಾಲನ್ನು ಫೈಲ್ ಹೆಸರು ಬದಲಿಸಿ ಮೂರು ಹಾಳೆಗೂ ಒಂದೊಂದು ಸಲ ಓಡಿಸಿ 1.jpg, 2.jpg, 3.jpg ಮಾಡಿಕೊಳ್ಳಿ, ಆಮೇಲೆ ಎರಡನೇ ಸಾಲು:

```
magick sslc.jpg -auto-orient -colorspace Gray -resize 1240x -level 10%,80% -quality 55 1.jpg
img2pdf 1.jpg 2.jpg 3.jpg --pagesize A4 -o out.pdf
```

`-level` ಇರುವುದೇ ಅಣ್ಣ ಹೇಳಿದ ಕೊಳೆ ಬಿಳಿ ತೊಳೆಯಲು, 80ಕ್ಕಿಂತ ಬೆಳ್ಳಗಿರುವುದೆಲ್ಲ ಪೂರ್ತಿ ಬಿಳಿ ಆಗುತ್ತದೆ. ಮೊಹರು ಬಹಳ ತೆಳು ಇದ್ದರೆ 80 ಅನ್ನು 90 ಮಾಡಿ, ಇಲ್ಲದಿದ್ದರೆ ಅದನ್ನೂ ತೊಳೆಯುತ್ತದೆ. `img2pdf` ಫೋಟೋವನ್ನು ಮತ್ತೆ ಕಂಪ್ರೆಸ್ ಮಾಡದೆ ಹಾಗೇ ಲಕೋಟೆಗೆ ಹಾಕುತ್ತದೆ.

ಭದ್ರಾವತಿ_ಬೇಬಿ
ಇದೆಲ್ಲ ವಾಟ್ಸಾಪ್, ವೆಬ್‌ಸೈಟ್ ಅಂತ ಮಗಳ ದಾಖಲೆ ಊರೆಲ್ಲ ಸುತ್ತಿಸುವುದು ಸರಿಯಾ? ನನಗಂತೂ ಭಯ.

ಗಾಂಧಿಬಜಾರ್_ಡಿಟಿಪಿ
ಭಯ ಇರಬೇಕಾದ್ದೇ. ಗೊತ್ತಿಲ್ಲದ ಕಂಪ್ರೆಸ್ ಸೈಟಿಗೆ ಅಂಕಪಟ್ಟಿ, ಆಧಾರ್ ಹಾಕುವುದು ಬೇಡ ಅಂತಲೇ ನಾನೂ ಹೇಳುವುದು. ಫೋನಲ್ಲೇ ಆಗುವ ಕೆಲಸ. ಆ್ಯಂಡ್ರಾಯ್ಡಲ್ಲಿ ಗೂಗಲ್ ಡ್ರೈವ್ ಆ್ಯಪಿನ ಕ್ಯಾಮೆರಾ ಗುರುತು ಒತ್ತಿದರೆ ಸ್ಕ್ಯಾನ್ ಸಿಗುತ್ತದೆ, ಪುಟ ಸೇರಿಸಿ ಒಂದೇ ಪಿಡಿಎಫ್ ಮಾಡುತ್ತದೆ, ತನ್ನ ಹೆಸರು ಒತ್ತುವುದಿಲ್ಲ. ಕ್ಯಾಮ್‌ಸ್ಕ್ಯಾನರ್ ಅಂತೂ 2020ರ ಜೂನಲ್ಲಿ ನಿಷೇಧ ಆದ 59 ಆ್ಯಪುಗಳಲ್ಲಿ ಒಂದು. ಹಳೇ ಫೋನಲ್ಲಿ ಉಳಿಸಿಕೊಂಡವರು ಇವತ್ತಿಗೂ ಅಂಗಡಿಗೆ ಬರುತ್ತಾರೆ, ಹಾಳೆಯ ಕೆಳಗೆ ಅದರ ಹೆಸರು ಸಮೇತ.

ವಾಟ್ಸಾಪ್ ಬಗ್ಗೆ ನಾನು ಮತ್ತು ಲಿನಕ್ಸ್ ಹಳೇ ಜಗಳ. ಕೆಲಸ ಆಗುತ್ತದೆ, ಒಪ್ಪುತ್ತೇನೆ. ಆದರೆ ಎಷ್ಟಕ್ಕೆ ಇಳಿಸಬೇಕು ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ. ಸೈಜ್ ಹೇಳಿ ಇಳಿಸುವ, ನೆಟ್ ಇಲ್ಲದೆ ಓಡುವ ರಿಸೈಜರ್ ಆ್ಯಪೇ ನನಗೆ ಮೇಲು.

ಸಾಗರ_ಲಿನಕ್ಸ್
ಆ ಪುಕ್ಕಟೆ ರಿಸೈಜರ್ ಆ್ಯಪುಗಳ ಜಾಹೀರಾತು ನೋಡಿದ್ದೀರಾ ಅಣ್ಣ? ಅದಕ್ಕಿಂತ ನನಗೆ ವಾಟ್ಸಾಪೇ ವಾಸಿ. ಇರಲಿ, ಅಕ್ಕನಿಗೆ ಯಾವುದು ಸಲೀಸೋ ಅದು.

ಕೋಣಂದೂರು_ಅಕ್ಕ
ಇವತ್ತು ಮಾಡಿದೆ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ ಮಣೆ ಕೆಳಗೆ ಇಟ್ಟಿದ್ದ ವ್ಯಾಸಂಗ ಪ್ರಮಾಣಪತ್ರ ಬೆಳಿಗ್ಗೆ ನೇರ ಆಗಿತ್ತು, ಒಂದು ಮೂಲೆ ಬಿಟ್ಟು. ಜಗಲಿಯಲ್ಲಿ ಕಂಬಳಿ ಹಾಸಿದೆ. ಮಗಳು ಕೊಡೆ ಹಿಡಿದಳು. ಮೊದಲು ಕೊಡೆ ಸೀದಾ ತಲೆ ಮೇಲೆ ಹಿಡಿದಾಗ ಅಂಕಪಟ್ಟಿಯ ಮೇಲ್ಗಡೆ ಇನ್ನೂ ಬೆಳ್ಳಗಿತ್ತು, ಅಂಗಳದ ಕಡೆ ಸ್ವಲ್ಪ ಬಗ್ಗಿಸಿದ ಮೇಲೆ ಹೊಳಪು ಜಾರಿಕೊಂಡು ಹೋಗಿ ಕಂಬಳಿ ಮೇಲೆ ಬಿತ್ತು. ಕೊಡೆಯ ಕಡ್ಡಿಗಳು ಮಾತ್ರ ತೆಳ್ಳಗೆ ಕಾಣುತ್ತಿದ್ದವು, ಸ್ಟೀಲ್ ಕಡ್ಡಿ. ಅದರ ಒಳಗೆ ಅವಳ ಕಪ್ಪು ವೇಲ್ ಹಾಕಿದೆವು, ಅದೂ ಹೋಯಿತು. ನಮ್ಮ ಮಾವನವರು ಬಾಗಿಲಲ್ಲಿ ನಿಂತು ಮನೆಯೊಳಗೆ ಎಂತಕ್ಕೆ ಕೊಡೆ ಬಿಡಿಸಿದ್ದೀರಿ ಅಂತ ಬೈದರು.

ಡ್ರೈವಲ್ಲೇ ಸ್ಕ್ಯಾನ್ ಮಾಡಿದೆ, ಗ್ರೇಸ್ಕೇಲ್. ಹಾಗೇ ಪಿಡಿಎಫ್ ಉಳಿಸಿದರೆ ಮೂರೂ ಸೇರಿ 1.4 ಎಂಬಿ. 7.8 ಇದ್ದದ್ದು ಕಂಪ್ರೆಸ್ ಮಾಡದೆಯೇ 1.4 ಆಯಿತು, ಕೊಳೆಯ ಮಾತು ಆಗ ಅರ್ಥ ಆಯಿತು. ಆಮೇಲೆ ಅದನ್ನೇ ಒಂದೊಂದು ಪುಟ ಚಿತ್ರವಾಗಿ ಉಳಿಸಿ, ಹೈದ ಹೇಳಿದ ಹಾಗೆ ನನ್ನ ನಂಬರಿಗೇ ಕಳಿಸಿಕೊಂಡೆ. ಎಸ್ಸೆಸ್ಸೆಲ್ಸಿ 148 ಕೆಬಿ, ಪಿಯುಸಿ 139, ವ್ಯಾಸಂಗದ್ದು 96. ಗ್ಯಾಲರಿಯಲ್ಲಿ ಮೂರನ್ನೂ ಆರಿಸಿ ಪ್ರಿಂಟ್ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಆಗಿ ಉಳಿಸು ಅಂತ ಕೊಟ್ಟೆ. 

ಬಂದದ್ದು 1.1 ಎಂಬಿ!! 383 ಆಗಬೇಕಿತ್ತು ತಾನೆ? ಲಕೋಟೆಗೇ ಅಷ್ಟು ತೂಕವಾ?

ಗಾಂಧಿಬಜಾರ್_ಡಿಟಿಪಿ
ಅದು ಲಕೋಟೆ ಅಲ್ಲ, ಪ್ರಿಂಟ್ ದಾರಿಯಲ್ಲಿ ಹೋದರೆ ಕೆಲವು ಫೋನು ಚಿತ್ರವನ್ನು ಬಿಚ್ಚಿ ಮತ್ತೆ ತನ್ನ ಥರ ಕಟ್ಟುತ್ತದೆ, ಆಗ ಊದಿಕೊಳ್ಳುತ್ತದೆ. ಚಿತ್ರದಿಂದ ಪಿಡಿಎಫ್ ಮಾಡುವ ಆ್ಯಪಲ್ಲಿ "ಮೂಲ ಗುಣಮಟ್ಟ" ಅಥವಾ "ಕಂಪ್ರೆಷನ್ ಬೇಡ" ಅಂತ ಇರುತ್ತದೆ, ಅದನ್ನು ಆರಿಸಿ. 383ಕ್ಕೆ ಐದಾರು ಕೆಬಿ ಸೇರಬಹುದು, ಅಷ್ಟೇ.

ಕೋಣಂದೂರು_ಅಕ್ಕ
ಆಯಿತು ಅಣ್ಣ, 387 ಕೆಬಿ. ಒತ್ತಕ್ಷರ ನೋಡಿದೆ, "ಶಿವಮೊಗ್ಗ" ಶಿವಮೊಗ್ಗ ಅಂತಲೇ ಇದೆ. 3, 8 ಬೇರೆ ಬೇರೆ ಕಾಣುತ್ತದೆ. ಮೊಹರಿನ ಒಳಗಿನ ಅಕ್ಷರ ಮಾತ್ರ ಪೂರ್ತಿ ಓದಲು ಬರುವುದಿಲ್ಲ, ಆದರೆ ಮೂಲ ಹಾಳೆಯಲ್ಲೂ ಅದು ಹಾಗೇ ಇದೆ.

ಅಪ್‌ಲೋಡ್ ಮಾಡಿದರೆ ಈಗ "ಫೈಲ್ ಸರಿಯಿಲ್ಲ" ಅನ್ನುತ್ತಿದೆ. ಸೈಜ್ ಬಗ್ಗೆ ಏನೂ ಹೇಳುತ್ತಿಲ್ಲ.

ಕಡತ_ನೋಡಿದವಳು
ಫೈಲ್ ಹೆಸರು ಏನು ಕೊಟ್ಟಿದ್ದೀರಿ?

ಕೋಣಂದೂರು_ಅಕ್ಕ
`ಮಗಳ ಅಂಕಪಟ್ಟಿ (2).pdf`

ಕಡತ_ನೋಡಿದವಳು
ಅದೇ ಇರಬೇಕು. ಕೆಲವು ಪೋರ್ಟಲಿಗೆ ಕನ್ನಡ ಅಕ್ಷರ, ನಡುವಿನ ಖಾಲಿ ಜಾಗ, ಆವರಣ ಚಿಹ್ನೆ ಯಾವುದೂ ಆಗುವುದಿಲ್ಲ. `marks.pdf` ಅಂತ ಬದಲಾಯಿಸಿ ನೋಡಿ.

ಕೋಣಂದೂರು_ಅಕ್ಕ
ಹೋಯಿತು!! "ಯಶಸ್ವಿ" ಅಂತ ಬಂತು. ಕನ್ನಡದ ಅರ್ಜಿಗೆ ಕನ್ನಡದ ಹೆಸರು ಆಗುವುದಿಲ್ಲ ಅಂದರೆ ಏನು ಹೇಳುವುದು. ಇನ್ನು ಪರಿಶೀಲನೆ ಆಗಿ ಏನು ಹೇಳುತ್ತಾರೋ ನೋಡಬೇಕು. ವ್ಯಾಸಂಗ ಪ್ರಮಾಣಪತ್ರ ಬಣ್ಣದಲ್ಲೇ ಇರಬೇಕಾ ಅಂತ ಎಲ್ಲೂ ಬರೆದಿಲ್ಲ, ಅದೊಂದು ಹೆದರಿಕೆ ಇದೆ.

ಕಡತ_ನೋಡಿದವಳು
ನಾವು ಗ್ರೇಸ್ಕೇಲ್ ತೆಗೆದುಕೊಳ್ಳುತ್ತಿದ್ದೆವು. ನಮ್ಮ ಪಕ್ಕದ ಮೇಜಿನವರು ಮೊಹರು ನೇರಳೆ ಕಾಣದಿದ್ದರೆ ಜೆರಾಕ್ಸ್ ಅಂತ ವಾಪಸ್ ಹಾಕುತ್ತಿದ್ದರು. ಒಂದೇ ಕೋಣೆಯಲ್ಲಿ ಎರಡು ಕಾನೂನು.

ಗಾಂಧಿಬಜಾರ್_ಡಿಟಿಪಿ
113 ಕೆಬಿ ಇನ್ನೂ ಮಿಕ್ಕಿದೆಯಲ್ಲ ಅಕ್ಕ, ಆ ಒಂದು ಹಾಳೆಯನ್ನು ಬಣ್ಣದಲ್ಲಿ ಮಾಡಿ ಇಟ್ಟುಕೊಂಡಿರಿ. ವಾಪಸ್ ಬಂದರೆ ಮತ್ತೆ ಕೊಡೆ ಬಿಡಿಸುವುದು ತಪ್ಪುತ್ತದೆ. ಇವತ್ತು ಡ್ರೈವಿಗೆ ತೆಗೆದ ಮೂಲವನ್ನೂ ಅಳಿಸಬೇಡಿ.

ನಿವೃತ್ತ_ಮೇಷ್ಟ್ರು
ನಾನೂ ಮೊಮ್ಮಗನ ಕೈಲಿ ಕಂಬಳಿ ಹಾಸಿಸಿ ನಾಲ್ಕು ಕಾಗದ ತೆಗೆಸಿದೆ. ಬಣ್ಣದಲ್ಲೇ. ಹಿಗ್ಗಿಸಿ ನೋಡಿದರೆ ಬರಿಗಣ್ಣಿಗೆ ಕಾಣದ ಒಂದು ಸಾಲು ಕಾಣಿಸಿತು, ಗಡಿಯ ವಿವರ, ಪೂರ್ವಕ್ಕೆ ಹಳ್ಳ ಅಂತಿದೆ. ಆ ಹಳ್ಳ ಈಗ ಪಶ್ಚಿಮಕ್ಕಿದೆ. ಇದಕ್ಕೆ ಯಾವ ಫಿಲ್ಟರ್?